ಕೆಲಸ ಸಿಕ್ತು ಅಂತ ಯಾರಾದ್ರೂ ಮೆಸೇಜ್ ಹಾಕಿದಾಗ

ಯಾರಾದ್ರೂ ಏನೂ ಕೇಳದೆ ಸುಮ್ನೆ ಖುಷಿ ಸುದ್ದಿ ಹೇಳಿದ್ರೆ, ಬರೀ ‘ಕಂಗ್ರಾಟ್ಸ್’ ಅಂತ ಹಾಕಿ ಬಿಡಬೇಡಿ, ಅವರ ಸುದ್ದಿಗೆ ಸಂಬಂಧಪಟ್ಟ ಒಂದು ವಿಷಯ ಹಿಡಿದು ಮಾತಾಡಿ, ಆಮೇಲೆ ಅವರು ಖುಷಿಯಿಂದ ಹೇಳಬಹುದಾದ ಒಂದೇ ಒಂದು ಪ್ರಶ್ನೆ ಕೇಳಿ. ಉದಾಹರಣೆಗೆ ಈ ಮೊದಲು ಎರಡು ಸಲ ಇಂಟರ್‌ವ್ಯೂನಲ್ಲಿ ಸೋತಿದ್ದ ಪಕ್ಕದ ಮನೆ ಹುಡುಗ ‘ಅಣ್ಣಾ, ತೋರಣಗಲ್ಲಿನಾಗ ಕೆಲಸ ಸಿಕ್ತು, ಸೋಮವಾರದಿಂದ ಹೋಗ್ಬೇಕು’ ಅಂತಾನೆ. ಆಗ ‘ಭಾಳ ಖುಷಿ ಆತು ತಮ್ಮಾ! ಎರಡು ಸಲ ಇಂಟರ್‌ವ್ಯೂದಾಗ ಆಗ್ಲಿಲ್ಲ ಅಂದ್ರೂ ನೀ ಬಿಡ್ಲಿಲ್ಲ ನೋಡು. ಮನ್ಯಾಗ ಮೊದ್ಲು ಯಾರಿಗೆ ಹೇಳಿದಿ?’ ಅಂತ ಬರೆಯಿರಿ. ಅವನಿಗೆ ಬೇಕಿರೋದು ಸಲಹೆ ಅಲ್ಲ, ಆ ಖುಷಿಯನ್ನ ಇನ್ನೊಂದು ಸಲ ಹೇಳಿಕೊಳ್ಳೋ ಅವಕಾಶ, ಅಲ್ವಾ? ಅವನ ಪ್ರಯತ್ನ ನಿಮಗೆ ನೆನಪಿದೆ ಅಂತಾನೂ ಗೊತ್ತಾಗುತ್ತೆ. ‘ಪಗಾರ ಎಷ್ಟು’, ‘ಪರ್ಮನೆಂಟಾ’, ‘ದಿನಾ ಬಳ್ಳಾರಿಯಿಂದ ಓಡಾಡೋದು ಕಷ್ಟ ಆಗುತ್ತಲ್ಲ’ ಅನ್ನೋ ಮಾತು ಅವತ್ತು ಬೇಡವೇ ಬೇಡ, ಕಾಳಜಿಯಿಂದ ಕೇಳಿದ್ರೂ ಅವನು ಲೆಕ್ಕ ಒಪ್ಪಿಸೋಕೆ ಕೂತ ಹಾಗಾಗುತ್ತೆ. ಆದರೆ ಹತ್ತಾರು ಜನ ಇರೋ ಗ್ರೂಪಿನಲ್ಲಿ ಇದು ಸರಿಹೋಗಲ್ಲ. ಸೋತಿದ್ದ ವಿಷಯ ಎಲ್ಲರ ಮುಂದೆ ಎತ್ತಿದ್ರೆ ಮುಜುಗರ ಆಗುತ್ತೆ, ಅಲ್ಲಿ ಒಂದು ಸಾಲು ಹಾಕಿ, ಉಳಿದದ್ದನ್ನ ಅವನಿಗೇ ಬೇರೆ ಕಳಿಸಿ. ಅಷ್ಟು ಪರಿಚಯ ಇಲ್ಲದವರಾದ್ರೆ ‘ಯಾವಾಗ ಸೇರ್ತೀರಿ’ ಅಂದ್ರೆ ಸಾಕು, ಅವರು ‘ಥ್ಯಾಂಕ್ಸ್’ ಅಂತಷ್ಟೇ ಹೇಳಿದ್ರೆ ಮತ್ತೆ ಕೆದಕಬೇಡಿ.