ನೈಟ್ ಡ್ಯೂಟಿ ಮುಗಿಸಿ ಬಂದು ಗಾಳ ಹಾಕಿ ಕೂರುತ್ತೇನೆ

ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ತಿಂಗಳಲ್ಲಿ ಎರಡು ವಾರ ನೈಟ್ ಡ್ಯೂಟಿ, ರಾತ್ರಿ ಎಂಟಕ್ಕೆ ಹೋದರೆ ಬೆಳಿಗ್ಗೆ ಎಂಟಕ್ಕೆ ಬಿಡುಗಡೆ. ರಾತ್ರಿ ಲ್ಯಾಬಿನಲ್ಲಿ ಒಬ್ಬನೇ. ಐಸಿಯು, ಕ್ಯಾಶುವಲ್ಟಿ, ಹೆರಿಗೆ ವಾರ್ಡು, ಎಲ್ಲರ ಫೋನೂ ನನ್ನ ಟೇಬಲ್ಲಿಗೇ ಬರುತ್ತದೆ.

ಹೋದ ವರ್ಷದ ಒಂದು ರಾತ್ರಿಯಿಂದ ಶುರು ಮಾಡುತ್ತೇನೆ. ಮೂರು ಗಂಟೆ ಹೊತ್ತಿಗೆ ಒಂದು ಸ್ಯಾಂಪಲ್ ಬಂತು. ಪೊಟ್ಯಾಸಿಯಂ 7.1 ಅಂತ ಮಷಿನ್ ತೋರಿಸಿತು. 5 ದಾಟಿದರೇ ಗಮನ ಕೊಡಬೇಕು, 7 ಅಂದರೆ ಹೃದಯ ಯಾವಾಗ ಬೇಕಾದರೂ ಕೈಕೊಡಬಹುದು. ಆದರೆ ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದರೆ ಸೀರಂ ತಿಳಿಹಳದಿ ಇರಲಿಲ್ಲ, ಕೆಂಪಗಿತ್ತು. ರಕ್ತ ತೆಗೆಯುವಾಗ ಕಣಗಳು ಒಡೆದು, ಅದರೊಳಗಿನ ಪೊಟ್ಯಾಸಿಯಂ ಹೊರಗೆ ಸೋರಿದರೆ ಹೀಗಾಗುತ್ತದೆ. ವಾರ್ಡಿಗೆ ಫೋನ್ ಮಾಡಿ, "ಸಿಸ್ಟರ್, ಸ್ಯಾಂಪಲ್ ಹೀಮೋಲೈಸ್ ಆಗಿದೆ, ಬೇಗ ಇನ್ನೊಂದು ಕಳ್ಸಿ" ಅಂದೆ. ಅದು ಬರೋವರೆಗೆ ಇಪ್ಪತ್ತು ನಿಮಿಷ. ಇದು ನಿಜವಾಗಿಯೂ ತಪ್ಪು ರಿಪೋರ್ಟೋ, ಅಥವಾ ಅಲ್ಲೊಬ್ಬರು ಸಾಯುತ್ತಿದ್ದಾರೋ ಅನ್ನುವ ಯೋಚನೆಯಲ್ಲೇ ಆ ಇಪ್ಪತ್ತು ನಿಮಿಷ ಕಳೆದೆ. ಎರಡನೇ ಸ್ಯಾಂಪಲ್ 4.4 ಬಂತು. ಏನೂ ಆಗಿರಲಿಲ್ಲ.

ಆದರೆ ಬೆಳಿಗ್ಗೆ ಮನೆಗೆ ಬಂದು ಮಲಗಿದರೆ ಕಿವಿ ಮಲಗಲಿಲ್ಲ. ಕುಕ್ಕರ್ ಕೂಗಿದರೂ ಫೋನ್ ಅನಿಸುತ್ತಿತ್ತು. ನೈಟ್ ಮಾಡುವವರಿಗೆ ಇದು ಗೊತ್ತಿರುತ್ತದೆ, ಅಲ್ವಾ? ಹನ್ನೆರಡು ಗಂಟೆ ಪ್ರತಿ ಸದ್ದಿಗೂ ಎದ್ದು ಓಡಿದ ಮೈ, ಸದ್ದು ನಿಂತ ಮೇಲೂ ಕಾಯುತ್ತಲೇ ಇರುತ್ತದೆ. ಹತ್ತೂವರೆವರೆಗೆ ಫೋನಿನಲ್ಲಿ ರೀಲ್ಸ್ ನೋಡುತ್ತಿದ್ದೆ. ಅದರಿಂದ ತಲೆ ಇನ್ನೂ ಜಾಸ್ತಿ ಬಿಸಿ.

ದಸರಾ ರಜೆಗೆ ಅಕ್ಕನ ಮಗ ಬಂದಿದ್ದ. ನನ್ನ ಲ್ಯಾಪ್‌ಟಾಪಿನಲ್ಲಿ ಮೈನ್‌ಕ್ರಾಫ್ಟ್ ಹಾಕಿಕೊಂಡು ಆಡುತ್ತಿದ್ದ. ಎಲ್ಲಾ ಚೌಕ ಚೌಕದ ಲೋಕ. ಮಣ್ಣು ಅಗೆಯಬಹುದು, ಮರ ಕಡಿಯಬಹುದು, ಮನೆ ಕಟ್ಟಬಹುದು, ಸುಮ್ನೆ ನಡೆಯುತ್ತಾ ಹೋದರೆ ಬೆಟ್ಟ, ಕಾಡು, ಕೆರೆ ಬರುತ್ತಲೇ ಇರುತ್ತವೆ. ಅವನು ಊರಿಗೆ ಹೋದ ಮೇಲೆ ಒಂದು ಬೆಳಿಗ್ಗೆ ನಾನೇ ತೆಗೆದೆ.

ಅಲ್ಲಿ ಒಂದು ಹಗಲು ಒಂದು ರಾತ್ರಿ ಸೇರಿ ನಮ್ಮ ಇಪ್ಪತ್ತು ನಿಮಿಷ. ನನಗೆ ಹಿಡಿಸಿದ್ದು ರಾತ್ರಿ. ಪಡುವಣದಲ್ಲಿ ಸೂರ್ಯ ಇಳಿಯುತ್ತಿದ್ದ ಹಾಗೆ ಮೂಡಣದಲ್ಲಿ ಚಂದ್ರ ಏಳುತ್ತಾನೆ, ಅವನೂ ಚೌಕ. ಒಂದೊಂದು ರಾತ್ರಿಗೆ ಒಂದಿಷ್ಟು ಕರಗುತ್ತಾ ಹೋಗಿ ಮತ್ತೆ ತುಂಬಿಕೊಳ್ಳುತ್ತಾನೆ. ಎಷ್ಟು ವರ್ಷ ನೈಟ್ ಮಾಡಿದರೂ ನಾನು ರಾತ್ರಿಯನ್ನು ಕಣ್ಣಲ್ಲಿ ನೋಡಿದ್ದೇ ಇಲ್ಲ, ನಮ್ಮ ಲ್ಯಾಬಿಗೆ ಕಿಟಕಿಯಿಲ್ಲ. ಹಾಗಾಗಿ ಆಟದಲ್ಲಿ ಮಲಗದೆ ಎದ್ದೇ ಇದ್ದೆ. ಮೂರನೇ ರಾತ್ರಿ ದಾಟಿದ ಮೇಲೆ ಆಕಾಶದಿಂದ ಏನೋ ಕಿರುಚುತ್ತಾ ಬಂದು ಮೈಮೇಲೆ ಎರಗಿತು. ಎದೆ ಹೊಡೆದುಕೊಂಡಿತು, ಥೇಟ್ ಲ್ಯಾಬಿನ ಫೋನ್ ಬಂದ ಹಾಗೆ.

ಅಳಿಯನಿಗೆ ಫೋನ್ ಮಾಡಿ ಕೇಳಿದೆ. "ಮಾವ, ಅದು ಫ್ಯಾಂಟಮ್. ಮೂರು ದಿನ ಮಲಗ್ದೇ ಇದ್ರೆ ಬರುತ್ತೆ. ನೀನು ಬೆಡ್ ಮಾಡ್ಕೊಂಡು ಮಲ್ಕೋಬೇಕು" ಅಂದ. ಆ ಮಾತು ನನಗೆ ಎಲ್ಲೋ ತಾಕಿತು. ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಅವನೇ, "ಇಲ್ಲಾಂದ್ರೆ `Peaceful` ಇಟ್ಕೋ ಮಾವ, ಆಗ ಯಾವ್ದೂ ಬರಲ್ಲ" ಅಂದ.

ಇಟ್ಟುಕೊಂಡೆ. ಆಟ ನಿಲ್ಲಿಸಿ `Options` ಒಳಗೆ ಹೋಗಿ `Difficulty` ಬದಲಿಸಿದರೆ ಆಯಿತು. ಅವತ್ತಿಂದ ದೆವ್ವ ಭೂತ ಇಲ್ಲ, ಹಸಿವೂ ಇಲ್ಲ. ಎತ್ತರದಿಂದ ಬಿದ್ದರೆ ಪೆಟ್ಟಾಗುತ್ತದೆ, ಆದರೆ ತಾನಾಗಿಯೇ ಬೇಗ ವಾಸಿಯಾಗುತ್ತದೆ. ಸಂಗೀತ ಎಷ್ಟೋ ಹೊತ್ತಿಗೊಮ್ಮೆ ಮೆಲ್ಲಗೆ ಶುರುವಾಗಿ ತಾನೇ ನಿಲ್ಲುತ್ತದೆ.

ಮೊದಲ ವಾರ ಒಂದು ತಪ್ಪು ಮಾಡಿದೆ. ಕೆರೆಗೆ ಅಡ್ಡಲಾಗಿ ಕಲ್ಲಿನ ಸೇತುವೆ ಕಟ್ಟಲು ಹೊರಟೆ. ಕಲ್ಲು ಸಾಲದು, ಗಣಿಗೆ ಹೋಗು, ಗುದ್ದಲಿ ಮುರಿಯಿತು, ಕಬ್ಬಿಣ ಹುಡುಕು. ಗಡಿಯಾರ ನೋಡಿದರೆ ಹನ್ನೊಂದು. ಮಲಗಿ ಕಣ್ಣು ಮುಚ್ಚಿದರೆ ತಲೆಯಲ್ಲಿ ಇನ್ನೆಷ್ಟು ಕಲ್ಲು ಬೇಕು ಅನ್ನುವ ಲೆಕ್ಕ. ಅದೂ ಇನ್ನೊಂದು ಡ್ಯೂಟಿಯೇ ಆಗಿತ್ತು. ಈಗಲೂ ಅದೇ ನನ್ನ ಗುರುತು: ದಿಂಬಿಗೆ ತಲೆಯಿಟ್ಟ ಮೇಲೆ ಆಟದ ಕೆಲಸ ನೆನಪಿಗೆ ಬಂದರೆ ಅವತ್ತು ತಪ್ಪು ಕೆಲಸ ಹಿಡಿದಿದ್ದೇನೆ ಅಂತ ಅರ್ಥ. ಸೇತುವೆ ಅರ್ಧಕ್ಕೇ ನಿಂತಿದೆ. ಅದರ ತುದಿಯಲ್ಲಿ ಕೂತು ಗಾಳ ಹಾಕುತ್ತೇನೆ.

ಗಾಳ ಹಾಕುವುದು ಹೀಗೆ. ಬೆಂಡು ನೀರಿನ ಮೇಲೆ ತೇಲುತ್ತಿರುತ್ತದೆ. ಮೀನು ಬರಲು ಐದು ಸೆಕೆಂಡ್ ಆಗಬಹುದು, ಅರ್ಧ ನಿಮಿಷವೂ ಆಗಬಹುದು, ಮಳೆ ಬಂದರೆ ಸ್ವಲ್ಪ ಬೇಗ. ಆಮೇಲೆ ದೂರದಲ್ಲಿ ಸಣ್ಣ ಗುಳ್ಳೆಗಳ ಗೆರೆಯೊಂದು ಎದ್ದು, ಅಲ್ಲಿಲ್ಲಿ ಡೊಂಕಾಗಿ ಬೆಂಡಿನ ಕಡೆ ಬರುತ್ತದೆ. ಬುಳಕ್ ಅಂತ ಬೆಂಡು ಮುಳುಗುತ್ತದೆ. ಆಗ ಎಳೆಯಬೇಕು. ಎಳೆಯದಿದ್ದರೆ ಮೀನು ಹೋಗುತ್ತದೆ, ಅಷ್ಟೇ. ಯಾರಿಗೂ ಏನೂ ಆಗುವುದಿಲ್ಲ. ಕಿವಿ ಸದ್ದಿಗೆ ಕಾಯುವುದನ್ನು ಒಮ್ಮೆಲೇ ಬಿಡಲಾರದು, ನಾನು ಬಿಡು ಅಂತಲೂ ಹೇಳಲಿಲ್ಲ. ಕಾಯಲು ಬೇರೆ ಸದ್ದು ಕೊಟ್ಟೆ, ತಪ್ಪಿದರೂ ನಡೆಯುವಂಥದ್ದು. ನನ್ನ ಮಟ್ಟಿಗೆ ಇದೇ ಕೆಲಸ ಮಾಡಿತು.

ಈಗ ನನ್ನ ಕ್ರಮ ಇಷ್ಟು. ಬೈಕಿನಲ್ಲಿ ಬರುವಾಗ ಕಪ್ಪು ಕನ್ನಡಕ, ಯಾಕಂದ್ರೆ ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮೈ ಹಗಲಾಯಿತು ಅಂದುಕೊಳ್ಳುತ್ತದೆ. ತೂಕಡಿಕೆ ಇದ್ದರೆ ಬೈಕ್ ಮುಟ್ಟುವುದಿಲ್ಲ, ಆಟೋ ಹಿಡಿಯುತ್ತೇನೆ. ಸ್ನಾನ, ಎರಡು ಇಡ್ಲಿ. ಪರದೆ ಎಳೆದು, ಸ್ಕ್ರೀನಿನ ಬೆಳಕು ಪೂರ್ತಿ ತಗ್ಗಿಸಿ ಆಟ ತೆಗೆಯುತ್ತೇನೆ. ಎರಡೇ ಹಗಲು. ಆಟದಲ್ಲಿ ಬೆಳಗಾದ ಹತ್ತೂವರೆ ನಿಮಿಷಕ್ಕೆ ಮಲಗಲು ಬಿಡುತ್ತದೆ, ಮಲಗಿದರೆ ರಾತ್ರಿ ಹಾರಿ ನೇರ ಮುಂದಿನ ಬೆಳಗು. ಹಾಗಾಗಿ ಎರಡು ಹಗಲು ಅಂದರೆ ಇಪ್ಪತ್ತೊಂದು ನಿಮಿಷದ ಹತ್ತಿರ. ಎರಡನೇ ಸಲ ಅಲ್ಲಿ ಎದ್ದ ಕೂಡಲೇ ಇಲ್ಲಿ ಲ್ಯಾಪ್‌ಟಾಪ್ ಮುಚ್ಚುತ್ತೇನೆ. ವಾರ್ಡಿನಲ್ಲಿ ಸಾವಾದ ದಿನ ಮಾತ್ರ ಇದು ಸಾಲುವುದಿಲ್ಲ. ಅವತ್ತು ಹೆಂಡತಿ ಹತ್ತಿರ ಕೂತು ಮಾತಾಡುತ್ತೇನೆ, ಆಟ ತೆಗೆಯುವುದೇ ಇಲ್ಲ.

ಅಲ್ಲಿ ರಾತ್ರಿ ನೋಡುತ್ತಾ ಕೂರುತ್ತಿದ್ದವನು ಮಲಗಲು ಕಲಿತದ್ದು ಒಂದು ಬೆಕ್ಕಿನಿಂದ. ಪಕ್ಕದ ಹಳ್ಳಿಯಲ್ಲಿ ಸಿಕ್ಕಿತು. ಬೆನ್ನಟ್ಟಿದರೆ ಓಡುತ್ತದೆ. ಕೈಯಲ್ಲಿ ಹಸಿ ಮೀನು ಹಿಡಿದು ಅಲ್ಲಾಡದೆ ನಿಂತರೆ ತಾನೇ ಹತ್ತಿರ ಬರುತ್ತದೆ. ನಾಲ್ಕನೇ ಮೀನಿಗೆ ಒಲಿಯಿತು. ನಾವು ಮಲಗಿದರೆ ಅದೂ ಹಾಸಿಗೆಗೆ ಬರುತ್ತದೆ, ಕೆಲವು ಬೆಳಿಗ್ಗೆ ಏನಾದರೂ ತಂದು ಹಾಕುತ್ತದೆ, ಒಮ್ಮೆ ಗರಿ, ಒಮ್ಮೆ ಮೊಲದ ತೊಗಲು.

ಅರವತ್ತನಾಲ್ಕು ಮೀನಿಗೆ ಗಾಳದ ಆಯಸ್ಸು ಮುಗಿಯುತ್ತದೆ. ನನ್ನದು ಮುರಿಯಿತು. ಹೊಸದಕ್ಕೆ ಮೂರು ಕಡ್ಡಿ, ಎರಡು ದಾರ ಬೇಕು. ದಾರ ಸಿಗುತ್ತಿದ್ದದ್ದು ಜೇಡದಿಂದ, `Peaceful` ಇಟ್ಟರೆ ಜೇಡವೇ ಬರುವುದಿಲ್ಲ. ಮತ್ತೆ ಹಳೆಯದಕ್ಕೆ ಹೋಗಲು ಮನಸ್ಸಾಗಲಿಲ್ಲ. ದಿನಾ ನಡೆದು, ಹೂ ಕಿತ್ತು, ಮಲಗುತ್ತಿದ್ದೆ. ನಾಲ್ಕನೇ ದಿನ ಹಾಸಿಗೆ ಪಕ್ಕ ಒಂದು ದಾರ ಬಿದ್ದಿತ್ತು. ಇನ್ನೊಂದು ಬರಲು ಹತ್ತು ದಿನ ಬೇಕಾಯಿತು, ಅಷ್ಟರಲ್ಲಿ ನನ್ನ ನೈಟ್ ವಾರಗಳೂ ಮುಗಿಯುತ್ತಾ ಬಂದಿದ್ದವು. ಬೆಕ್ಕು ಹಾಸಿಗೆ ಬಿಟ್ಟು ಕದಲಿರಲಿಲ್ಲ. ದಾರ ಎತ್ತಿಕೊಂಡು ಗಾಳ ಮಾಡಿ ಪೆಟ್ಟಿಗೆಯಲ್ಲಿಟ್ಟೆ, ಲ್ಯಾಪ್‌ಟಾಪ್ ಮುಚ್ಚಿದೆ. ಅವತ್ತು ಒಂಬತ್ತೂವರೆಗೆ ಮಲಗಿದವನನ್ನು ನಾಲ್ಕು ಗಂಟೆಗೆ ಹೆಂಡತಿ ಚಹಾ ತಂದು ಎಬ್ಬಿಸಿದಳು.