ಹಸಿರು ಕಂಬ, ಕೆಂಪು ಕಂಬ: ಆಸಮ್ ಆಸಿಲೇಟರನ್ನು ಕೈಯಾರೆ ಕಟ್ಟಿ ನೋಡುವುದು ಹೇಗೆ?

ಶಿರಸಿಯ ಅಡಿಕೆ ವ್ಯಾಪಾರಸ್ಥರಲ್ಲಿ ಈಗ ಶೇರು ನೋಡುವವರೂ ಕಡಿಮೆಯೇನಿಲ್ಲ. ಮೊಬೈಲಿನ ಚಾರ್ಟಿನ ಕೆಳಗೆ ಹಸಿರು, ಕೆಂಪು ಕಂಬಗಳ ಒಂದು ಸಾಲು ಕಾಣುತ್ತದಲ್ಲ, ಅದೇ ಆಸಮ್ ಆಸಿಲೇಟರ್. ಅಮೆರಿಕದ ಟ್ರೇಡರ್ ಬಿಲ್ ವಿಲಿಯಮ್ಸ್ ಇದನ್ನು ಬಳಕೆಗೆ ತಂದವರು. "ಹಸಿರು ಬಂತು ಮಾರಾಯ, ತಗೊಳ್ಳಲಾ?" ಎಂದು ಕೇಳುವವರು ಸುಮಾರು ಜನ. ಆ ಹಸಿರು ಯಾಕೆ ಬಂತು ಅಂತ ಕೇಳುವವರು ಕಡಿಮೆ. ಉತ್ತರ ಬೇಕಿದ್ದರೆ ಒಮ್ಮೆ ಲೆಕ್ಕವನ್ನು ನಾವೇ ಹಾಕಿ ನೋಡಬೇಕು. ಒಂದು ಸ್ಪ್ರೆಡ್‌ಶೀಟ್ ಇದ್ದರೆ ಸಾಕು.

ಮೊದಲ ಹೆಜ್ಜೆ ನಡುಬೆಲೆ. ದಿನದ ಗರಿಷ್ಠ ಮತ್ತು ಕನಿಷ್ಠ ಬೆಲೆಗಳನ್ನು ಕೂಡಿಸಿ ಎರಡರಿಂದ ಭಾಗಿಸಿ. ಮುಕ್ತಾಯದ ಬೆಲೆಗೆ ಇಲ್ಲಿ ಜಾಗವೇ ಇಲ್ಲ. ಎರಡನೆಯದು, ಕೊನೆಯ 5 ದಿನಗಳ ನಡುಬೆಲೆಯ ಸರಾಸರಿ. ಮೂರನೆಯದು, ಕೊನೆಯ 34 ದಿನಗಳದ್ದು. 5ರ ಸರಾಸರಿಯಿಂದ 34ರ ಸರಾಸರಿಯನ್ನು ಕಳೆದರೆ ಉಳಿಯುವುದೇ ಆಸಿಲೇಟರ್. A ಕಾಲಮ್ಮಿನಲ್ಲಿ ತಾರೀಕು, B ಗರಿಷ್ಠ, C ಕನಿಷ್ಠ ಇಟ್ಟುಕೊಳ್ಳಿ. D2ರಲ್ಲಿ ಮೊದಲ ಸೂತ್ರ, E35ರಲ್ಲಿ ಎರಡನೆಯದು:

```
=(B2+C2)/2
=AVERAGE(D31:D35)-AVERAGE(D2:D35)
```

ಎರಡನ್ನೂ ಕೆಳಗೆ ಎಳೆದರೆ ಲೆಕ್ಕ ಮುಗಿಯಿತು. ಮೊದಲ 33 ಸಾಲುಗಳಿಗೆ ಉತ್ತರ ಇರುವುದಿಲ್ಲ, ಅದು ಸಹಜ. ಇವತ್ತಿನ ಅಂಕಿ ನಿನ್ನೆಯದಕ್ಕಿಂತ ಹೆಚ್ಚಿದ್ದರೆ ಕಂಬ ಹಸಿರು, ಕಡಿಮೆಯಿದ್ದರೆ ಕೆಂಪು. ಸೊನ್ನೆಯ ಮೇಲಿದೆಯೋ ಕೆಳಗಿದೆಯೋ ಎನ್ನುವುದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಸೊನ್ನೆಯ ಕೆಳಗೂ ಹಸಿರು ಕಂಬ ಬರುತ್ತದೆ.

ಇದೇ ಲೆಕ್ಕವನ್ನು ನಮ್ಮ ಅಡಿಕೆ ಧಾರಣೆಗೂ ಹಾಕಬಹುದಲ್ವಾ ಅಂತ ಅನ್ನಿಸುತ್ತದೆ. ದಿನಾ ಕನಿಷ್ಠ, ಗರಿಷ್ಠ ದರ ಬರುತ್ತವಲ್ಲ. ಹಾಕಬೇಡಿ. ಶೇರಿನಲ್ಲಿ ಗರಿಷ್ಠ, ಕನಿಷ್ಠ ಎಂದರೆ ಒಂದೇ ಸರಕು ಒಂದೇ ದಿನದಲ್ಲಿ ಮುಟ್ಟಿದ ಎರಡು ತುದಿ. ರಾಶಿ ಅಡಿಕೆಯ ಟೆಂಡರಿನಲ್ಲಿ ಗರಿಷ್ಠ ದರ ಒಳ್ಳೆಯ ಮಾಲಿಗೆ, ಕನಿಷ್ಠ ದರ ಸಾಧಾರಣ ಮಾಲಿಗೆ. ಒಂದು ದಿನ ಕಳಪೆ ಲಾಟು ಬಂದರೆ ಸಾಕು, ಪೇಟೆ ಬಿದ್ದಿರದಿದ್ದರೂ ನಡುಬೆಲೆ ಬಿದ್ದುಬಿಡುತ್ತದೆ.

ಈಗ ಸಾಸರ್ ಸಿಗ್ನಲ್. ಖರೀದಿಯ ಸಾಸರಿಗೆ ಆಸಿಲೇಟರ್ ಸೊನ್ನೆಯ ಮೇಲಿರಬೇಕು. ಕನಿಷ್ಠ ಎರಡು ಕೆಂಪು ಕಂಬ ಒಂದರ ಹಿಂದೆ ಒಂದು ಇಳಿದು, ನಂತರ ಒಂದು ಹಸಿರು ಬರಬೇಕು. ಮಾರಾಟಕ್ಕೆ ಇದರ ತಿರುವುಮುರುವು: ಸೊನ್ನೆಯ ಕೆಳಗೆ ಎರಡು ಹಸಿರು, ಆಮೇಲೆ ಒಂದು ಕೆಂಪು.

ಒಂದು ಕಾಲ್ಪನಿಕ ಶೇರು ತೆಗೆದುಕೊಳ್ಳೋಣ. ಎರಡು ತಿಂಗಳು ನಡುಬೆಲೆ 200 ರೂಪಾಯಿಯಲ್ಲೇ ಕೂತಿತ್ತು. ಆಮೇಲೆ ಐದು ದಿನ ನಾಲ್ಕು ನಾಲ್ಕು ರೂಪಾಯಿ ಏರಿ 220 ಮುಟ್ಟಿತು. ಆರನೆಯ ದಿನ 220, ಏಳನೆಯ ದಿನ 218. ಆಸಿಲೇಟರ್ ಈಗ 14.32. ಎಂಟು ಮತ್ತು ಒಂಬತ್ತನೆಯ ದಿನ ಬೆಲೆ 212. ಆಸಿಲೇಟರ್ 13.96ಕ್ಕೆ, ಆಮೇಲೆ 12.81ಕ್ಕೆ ಇಳಿಯಿತು. ಎರಡು ಕೆಂಪು ಆದವು.

ಹತ್ತನೆಯ ದಿನ ಬೆಲೆ ಹತ್ತು ರೂಪಾಯಿ ಜಿಗಿದು 222 ಆಯಿತು. ಹಸಿರು ಬರಬೇಕಿತ್ತಲ್ಲವೇ? ಬರಲಿಲ್ಲ. ಆಸಿಲೇಟರ್ 12.56, ಮತ್ತೆ ಕೆಂಪು. ಹನ್ನೊಂದನೆಯ ದಿನ ಬೆಲೆ ಏರಿದ್ದು ಬರೀ ಎರಡು ರೂಪಾಯಿ, 224. ಆದರೆ ಆಸಿಲೇಟರ್ 12.66ಕ್ಕೆ ಏರಿ ಕಂಬ ಹಸಿರಾಯಿತು. ಸಾಸರ್ ಪೂರ್ತಿಯಾಯಿತು.

ಹತ್ತು ರೂಪಾಯಿ ಏರಿದಾಗ ಕೆಂಪು, ಎರಡು ರೂಪಾಯಿ ಏರಿದಾಗ ಹಸಿರು. ಇದರಲ್ಲಿ ತಪ್ಪೇನೂ ಇಲ್ಲ. ಸರಾಸರಿಗೆ ಹೊಸ ಬೆಲೆಯೊಂದು ಸೇರಿದಾಗ ಹಳೆಯದೊಂದು ಹೊರಗೆ ಹೋಗುತ್ತದೆ. ಹಾಗಾಗಿ ಕಂಬ ಇವತ್ತಿನ ಬೆಲೆಯನ್ನು ನಿನ್ನೆಯದಕ್ಕೆ ಹೋಲಿಸುವುದೇ ಇಲ್ಲ, ಐದು ದಿನ ಹಿಂದಿನದಕ್ಕೆ ಹೋಲಿಸುತ್ತದೆ. ಹತ್ತನೆಯ ದಿನ 222 ಒಳಗೆ ಬಂತು, 220 ಹೊರಗೆ ಹೋಯಿತು. ಲಾಭ ಎರಡೇ ರೂಪಾಯಿ, ಐದರಿಂದ ಭಾಗಿಸಿದರೆ 40 ಪೈಸೆ. ಅದೇ ದಿನ 34ರ ಸರಾಸರಿಗೆ 222 ಬಂದು 200 ಹೋಯಿತು. ಅದು ಸುಮಾರು 65 ಪೈಸೆ ಏರಿತು. ಕಳೆದಾಗ ಇಳಿಕೆಯೇ ಉಳಿಯಿತು. ಹನ್ನೊಂದನೆಯ ದಿನ 5ರ ಸರಾಸರಿ 80 ಪೈಸೆ ಏರಿತು, 34ರದ್ದು ಸುಮಾರು 71 ಪೈಸೆ. ಆ ಹಸಿರು ಗೆದ್ದದ್ದು ಹತ್ತು ಪೈಸೆಯೊಳಗಿನ ಅಂತರದಲ್ಲಿ.

ಅದಕ್ಕೇ ಹಸಿರು ಕಂಡ ತಕ್ಷಣ ಖರೀದಿ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ವಿಲಿಯಮ್ಸರ ಕ್ರಮದಲ್ಲೂ ಆರ್ಡರನ್ನು ಹಸಿರು ಕಂಬ ಬಂದ ದಿನದ ಗರಿಷ್ಠ ಬೆಲೆಗಿಂತ ಸ್ವಲ್ಪ ಮೇಲಿಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಹನ್ನೊಂದನೆಯ ದಿನದ ಗರಿಷ್ಠ 227 ಆಗಿದ್ದರೆ, ಬೆಲೆ ಅದನ್ನು ದಾಟಿದ ಮೇಲಷ್ಟೇ ಖರೀದಿ. ದಾಟದೆ ಮುಂದಿನ ಕಂಬ ಮತ್ತೆ ಕೆಂಪಾದರೆ ಆರ್ಡರ್ ತೆಗೆದುಬಿಡಿ. ಇನ್ನೊಂದು, ಪೇಟೆ ನಡೆಯುತ್ತಿರುವಾಗ ಕಾಣುವ ಕಂಬ ಪಕ್ಕಾ ಅಲ್ಲ. ಮಧ್ಯಾಹ್ನ 3.30ಕ್ಕೆ ಪೇಟೆ ಮುಚ್ಚುವ ತನಕ ಗರಿಷ್ಠ, ಕನಿಷ್ಠ ಬದಲಾಗಬಹುದು. ಬಣ್ಣವೂ ಬದಲಾಗಬಹುದು.

ಟ್ವಿನ್ ಪೀಕ್ಸ್ ನಿಧಾನದ ಸಿಗ್ನಲ್. ಖರೀದಿಗೆ ಸೊನ್ನೆಯ ಕೆಳಗೆ ಎರಡು ತಗ್ಗು ಬೇಕು, ಎರಡನೆಯದು ಮೊದಲಿನದಕ್ಕಿಂತ ಆಳ ಕಡಿಮೆ ಇರಬೇಕು, ಅದರ ಬೆನ್ನಿಗೇ ಹಸಿರು ಕಂಬ ಬರಬೇಕು. ಉದಾಹರಣೆಗೆ ಆಸಿಲೇಟರ್ ಮೈನಸ್ 18.4ಕ್ಕೆ ಬಿತ್ತು, ಮೈನಸ್ 6.2ರವರೆಗೆ ಮೇಲೆ ಬಂತು, ಮತ್ತೆ ಮೈನಸ್ 11.3ಕ್ಕೆ ಇಳಿಯಿತು. ಮರುದಿನ ಮೈನಸ್ 10.7. ಅಲ್ಲಿಗೆ ಸಿಗ್ನಲ್ ಬಂತು. ಜನ ಜಾಸ್ತಿ ಎಡವುವುದು ನಡುವಿನ ಏರಿಕೆಯಲ್ಲಿ. ಮೈನಸ್ 6.2ರ ಬದಲು ಅದು ಸೊನ್ನೆ ದಾಟಿ 0.3 ಆಗಿದ್ದರೂ ಜೋಡಿ ಮುರಿಯಿತು, ಲೆಕ್ಕ ಹೊಸದಾಗಿ ಶುರು. ಮಾರಾಟಕ್ಕೆ ಎರಡು ಶಿಖರ ಸೊನ್ನೆಯ ಮೇಲೆ, ಎರಡನೆಯದು ಗಿಡ್ಡ, ಆಮೇಲೆ ಕೆಂಪು.

ಎರಡನೆಯ ತಗ್ಗಿನ ಹೊತ್ತಿಗೆ ಶೇರಿನ ಬೆಲೆ ಮೊದಲಿಗಿಂತ ಕೆಳಗೇ ಇರಬಹುದು. ಮೊದಲು 182, ಈಗ 178 ಅಂತಿಟ್ಟುಕೊಳ್ಳಿ. ಬೆಲೆ ಕೆಳಗಿದ್ದೂ ತಗ್ಗು ಯಾಕೆ ಆಳವಿಲ್ಲ? ಅಷ್ಟು ದಿನದಲ್ಲಿ 34ರ ಸರಾಸರಿಯೂ ಕೆಳಗೆ ಇಳಿದು ಬಂದಿರುತ್ತದೆ. ಎರಡು ಸರಾಸರಿಗಳ ನಡುವಿನ ಅಂತರ ಸಣ್ಣದಾಗಿರುತ್ತದೆ ಅಷ್ಟೇ. ಹಾಗಾಗಿ ಟ್ವಿನ್ ಪೀಕ್ಸ್ ಹೇಳುವುದು ಕುಸಿತದ ವೇಗ ತಗ್ಗಿತು ಎಂಬುದನ್ನು. ಕೊಳ್ಳುವವರು ಬಂದರು ಎಂದು ಅದು ಹೇಳುವುದಿಲ್ಲ. ನಿಧಾನವಾಗಿ ಇಳಿಯುತ್ತಲೇ ಇರುವ ಶೇರಿನಲ್ಲಿ ಈ ಸಿಗ್ನಲ್ ಮತ್ತೆ ಮತ್ತೆ ಬಂದು ಕೈಕೊಡುವುದು ಇದೇ ಕಾರಣಕ್ಕೆ. ಎರಡನೆಯ ತಗ್ಗಿನ ಕನಿಷ್ಠ ಬೆಲೆಯ ಕೆಳಗೆ ಸ್ಟಾಪ್ ಲಾಸ್ ಇಡದೆ ಇಳಿಯಬೇಡಿ.

ಆಸಿಲೇಟರಿನ ಅಂಕಿ ರೂಪಾಯಿಯಲ್ಲಿರುತ್ತದೆ, ಶೇಕಡಾದಲ್ಲಲ್ಲ. 200 ರೂಪಾಯಿ ಶೇರಿನ 12ನ್ನೂ 2,000 ರೂಪಾಯಿ ಶೇರಿನ 12ನ್ನೂ ಹೋಲಿಸಿ ಪ್ರಯೋಜನವಿಲ್ಲ. ಕಂಪನಿ ಬೋನಸ್ ಕೊಟ್ಟಾಗ ಅಥವಾ ಶೇರು ವಿಭಜಿಸಿದಾಗಲೂ ಎಚ್ಚರ. ಒಂದಕ್ಕೆ ಎರಡಾದರೆ 400ರ ಶೇರು ಬೆಳಗಾಗುವುದರೊಳಗೆ 200 ಆಗುತ್ತದೆ. ಹಳೆಯ ಬೆಲೆಗಳನ್ನು ಅರ್ಧ ಮಾಡದೆ ಬಿಟ್ಟರೆ ಶೀಟಿನಲ್ಲಿ ಸೊನ್ನೆಯ ಕೆಳಗೆ ಭಾರೀ ತಗ್ಗು ಮೂಡುತ್ತದೆ. ಮುಂದೆ ಬರುವ ಸಣ್ಣ ತಗ್ಗೆಲ್ಲ ಅದರ ಎದುರು ಟ್ವಿನ್ ಪೀಕ್ಸಿನ ಎರಡನೆಯ ತಗ್ಗಿನಂತೆಯೇ ಕಾಣುತ್ತದೆ. D ಕಾಲಮ್ಮಿನಲ್ಲಿ ಒಂದೇ ದಿನಕ್ಕೆ ಬೆಲೆ ಸರಿಯಾಗಿ ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿದಿದ್ದರೆ, ಮೊದಲು ಕಂಪನಿಯ ಪ್ರಕಟಣೆ ನೋಡಿ, ಆ ದಿನಕ್ಕಿಂತ ಹಿಂದಿನ B ಮತ್ತು C ಎರಡನ್ನೂ ಅದೇ ಪ್ರಮಾಣದಲ್ಲಿ ಭಾಗಿಸಿ.