ಕಾರವಾರದ ಸೆಕೆ, ಮುಚ್ಚಿದ ಕಚೇರಿ, ಒಂದು ಸೀಸೆ ಲಾವಂಚ

ಅಂಗಡಿಯಲ್ಲಿ ಕಾಗದದ ಪಟ್ಟಿ ಮೂಸಿ ಸೆಂಟು ಕೊಳ್ಳುವ ಪದ್ಧತಿ ನಮ್ಮ ಕರಾವಳಿಗೆ ಸಾಲದು. ಆ ಪಟ್ಟಿ ಹೇಳುವುದು ಮೊದಲ ಕೆಲವು ನಿಮಿಷಗಳ ಮಾತನ್ನು ಮಾತ್ರ. ನನಗೆ ಬೇಕಾಗಿದ್ದ ಉತ್ತರವೇ ಬೇರೆ. ಏಪ್ರಿಲ್ ತಿಂಗಳಲ್ಲಿ ಬಸ್ಸಿಳಿದು, ಕಚೇರಿಯವರೆಗೆ ಬೆವರುತ್ತ ನಡೆದು, ಕಿಟಕಿ ಮುಚ್ಚಿದ ಹಾಲ್‌ನಲ್ಲಿ ಏಳೆಂಟು ಜನರ ನಡುವೆ ಕುಳಿತ ಮೇಲೆ, ಊಟದ ಹೊತ್ತಿಗೆ ಪಕ್ಕದ ಮೇಜಿನವರಿಗೆ ಅದು ಹೇಗೆ ಮೂಗಿಗೆ ಬರುತ್ತದೆ?

ನಮ್ಮ ಹಾಲ್‌ನಲ್ಲಿರುವುದು ಗೋಡೆಗೆ ಕೂರಿಸಿದ ಸ್ಪ್ಲಿಟ್ ಎ.ಸಿ. ಅದು ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಇದ್ದ ಗಾಳಿಯನ್ನೇ ತಣಿಸಿ ತಿರುಗಿಸುತ್ತದೆ. ಬೆಳಿಗ್ಗೆ ಒಬ್ಬರು ತಂದ ವಾಸನೆ ಸಂಜೆಯವರೆಗೂ ಎಲ್ಲರ ಪಾಲಿಗೆ ಸುತ್ತುತ್ತಲೇ ಇರುತ್ತದೆ. ಬಿಸಿ ಮೈಯ ಮೇಲೆ ಸುಗಂಧ ಬೇಗ ಆರುತ್ತದೆ. ದಾರಿಯಲ್ಲಿ ನಿಂಬೆ, ಕಿತ್ತಳೆಯಂಥ ಹಗುರ ಅಂಶಗಳೆಲ್ಲ ಹೊರಟುಹೋಗಿ, ಬಾಗಿಲು ದಾಟುವ ಹೊತ್ತಿಗೆ ಮೈಮೇಲೆ ಉಳಿಯುವುದು ಭಾರವಾದ ತಳದ ವಾಸನೆ. ಹಾಗಾಗಿ ಆಯ್ಕೆ ಮಾಡಬೇಕಾದದ್ದು ಆ ತಳವನ್ನು ನೋಡಿ.

ಇನ್ನೊಂದು ತೊಡಕು ನಮ್ಮ ಮೂಗಿನದೇ. ಒಂದೇ ವಾಸನೆಯ ಜೊತೆ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಗಮನಿಸುವುದನ್ನು ಬಿಟ್ಟುಬಿಡುತ್ತದೆ. 'ಸೆಂಟು ಹೋಯಿತು' ಎಂದು ಹಚ್ಚಿಕೊಂಡವರಿಗೆ ಅನ್ನಿಸುತ್ತದೆ, ಹೊಸದಾಗಿ ಒಳಬಂದವರಿಗೆ ಅದು ಘಮ್ಮೆಂದು ಹೊಡೆಯುತ್ತದೆ. ಮಧ್ಯಾಹ್ನ ಮತ್ತೆರಡು ಸಲ ಸಿಂಪಡಿಸಿಕೊಳ್ಳುವವರು ಹುಟ್ಟಿಕೊಳ್ಳುವುದು ಹೀಗೆ. ಈ ಕಾರಣಕ್ಕೆ ನಾನು ನನ್ನ ಮೂಗನ್ನು ಪರೀಕ್ಷಕ ಸ್ಥಾನದಿಂದ ಇಳಿಸಿ, ತಂಗಿಯ ಮೂಗನ್ನು ಕೂರಿಸಿದೆ.

ಮೂರು ಬಗೆಯ ಸೆಂಟುಗಳ ಸಣ್ಣ ಮಾದರಿ ಸೀಸೆ ತರಿಸಿದೆ. ಒಂದು, ವೆನಿಲಾದ ಸಿಹಿ ಇರುವ ಓ ದ ಪರ್ಫ್ಯೂಮ್. ಎರಡು, ಈಗ ಯುವಕರು ಹೆಚ್ಚು ಬಳಸುವ, ಸ್ನಾನ ಮಾಡಿ ಬಂದಂತೆ ತಾಜಾ ಅನ್ನಿಸುವ, ತಳದಲ್ಲಿ ಕೃತಕ ಮರದ ವಾಸನೆ ಇರುವಂಥದ್ದು. ಮೂರು, ನಿಂಬೆಯ ಜೊತೆ ಲಾವಂಚ ಸೇರಿದ ಓ ದ ತ್ವಾಲೆತ್. ಸೀಸೆಯ ಮೇಲಿನ ಈ ಹೆಸರುಗಳು ಸುಗಂಧ ಎಣ್ಣೆ ಎಷ್ಟಿದೆ ಎಂಬುದರ ಅಂದಾಜು ಕೊಡುತ್ತವೆ. ಓ ದ ತ್ವಾಲೆತ್‌ನಲ್ಲಿ ಸಾಮಾನ್ಯವಾಗಿ ಶೇ. 5ರಿಂದ 15, ಓ ದ ಪರ್ಫ್ಯೂಮ್‌ನಲ್ಲಿ ಶೇ. 15ರಿಂದ 20. ಮದ್ಯಸಾರ ಬೆರೆಸದ ಅತ್ತರು ಪೂರ್ತಿ ಎಣ್ಣೆಯೇ.

ಹಳೆಯ ಹತ್ತಿ ಪಂಚೆಯನ್ನು ಮೂರು ತುಂಡು ಮಾಡಿ, ಒಂದೊಂದಕ್ಕೂ ಒಂದೇ ಸಿಂಪಡಣೆ ಕೊಟ್ಟು, ಬೇರೆ ಬೇರೆ ದಿನ ಮನೆಯ ಸಣ್ಣ ಕೋಣೆಯಲ್ಲಿ ತೂಗುಹಾಕಿದೆ. ಕಿಟಕಿ ಮುಚ್ಚಿ ಫ್ಯಾನ್ ನಿಲ್ಲಿಸಿ, ನಾಲ್ಕು ತಾಸು ಬಿಟ್ಟು ತಂಗಿಯನ್ನು ಅಂಗಳದಿಂದ ಕರೆದು ಹೊಸ್ತಿಲಲ್ಲಿ ನಿಲ್ಲಿಸಿದೆ. ಒಳಗೆ ಹೋಗುವುದು ಬೇಡ, ಅಲ್ಲಿಂದಲೇ ಹೇಳಬೇಕು ಎಂಬುದು ಷರತ್ತು.

ವೆನಿಲಾದ ದಿನ ಅವಳು, "ಯಾರೋ ಪಾಯಸ ಸೀಯಿಸಿದ ಹಾಗಿದೆ" ಎಂದಳು. ಸಿಹಿ ವಾಸನೆಗೆ ಚಳಿಯಲ್ಲಿ ಇರುವ ಬೆಚ್ಚನೆಯ ಹಿತ, ಗಾಳಿಯೇ ಅಂಟುವ ಸೆಕೆಯಲ್ಲಿ ಇರುವುದಿಲ್ಲ. ಉಸಿರು ಕಟ್ಟಿದಂತೆ ಆಗುತ್ತದೆ. ಇದು ನನಗೆ ಆಶ್ಚರ್ಯ ತರಲಿಲ್ಲ.

ಆಶ್ಚರ್ಯ ತಂದದ್ದು ಎರಡನೆಯದು. ಬಟ್ಟೆಯನ್ನು ಮೂಗಿಗೆ ಹಿಡಿದರೂ ನನಗೆ ಬಹುತೇಕ ಏನೂ ತಿಳಿಯಲಿಲ್ಲ. ಕಚೇರಿಗೆ ಹೇಳಿ ಮಾಡಿಸಿದ್ದು ಎಂದುಕೊಳ್ಳುವಷ್ಟರಲ್ಲಿ ತಂಗಿ ಹೊಸ್ತಿಲಿನಿಂದಲೇ ಮುಖ ಕಿವುಚಿ, "ಅಣ್ಣಾ, ಇದು ಹಣೆಗೆ ಚುಚ್ಚುತ್ತದೆ" ಎಂದಳು. ಇಂಥ ಸೆಂಟುಗಳಲ್ಲಿ ಬಳಸುವ ಕೆಲವು ಕೃತಕ ಕಸ್ತೂರಿ ಮತ್ತು ಮರದ ಅಣುಗಳನ್ನು ಕೆಲವರ ಮೂಗು ಗ್ರಹಿಸುವುದೇ ಇಲ್ಲ, ಪಕ್ಕದವರ ಮೂಗು ಚೆನ್ನಾಗಿ ಗ್ರಹಿಸುತ್ತದೆ. ಅವು ಬೇಗ ಆರುವುದೂ ಇಲ್ಲ. ಬಟ್ಟೆಯ ಮೇಲೆ ಬಿದ್ದರೆ ಒಗೆತದ ನಂತರವೂ ಉಳಿಯುತ್ತವೆ. 'ಲೈಟ್ ಆಗಿದೆ ಸರ್, ಆಫೀಸಿಗೆ ಆಗುತ್ತದೆ' ಎಂದು ಅಂಗಡಿಯವರು ಮೊದಲು ತೋರಿಸುವುದೂ ಹೆಚ್ಚಾಗಿ ಇದೇ ಜಾತಿಯದನ್ನು. ಸೀಸೆ ಕೊಳ್ಳುವ ಮೊದಲು ಇನ್ನೊಬ್ಬರ ಮೂಗು ಬೇಕೇ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಲಾವಂಚದ ದಿನ ಹೊಸ್ತಿಲಲ್ಲಿ ಏನೂ ತಿಳಿಯದೆ, ಷರತ್ತು ಮುರಿದು ಅವಳು ಎರಡು ಹೆಜ್ಜೆ ಒಳಗೆ ಬಂದ ಮೇಲೆ, "ಮಣ್ಣು, ಹುಲ್ಲು... ಅಜ್ಜಿಯ ನೀರಿನ ಹೂಜಿಯಂತೆ" ಎಂದಳು. ಬೇರಿನಿಂದ ಇಳಿಸುವ ಲಾವಂಚದ ಎಣ್ಣೆ ಮಂದ, ನಿಧಾನಕ್ಕೆ ಆರುವಂಥದ್ದು. ಆದರೆ ಅದರ ತಳ ಸಿಹಿಯಲ್ಲ, ಒಣ ಬೇರಿನದು. ನಮ್ಮ ಕಡೆಯವರಿಗೆ ಪರಿಚಿತ ವಾಸನೆಯೂ ಹೌದು. ಅದೇ ಲಾವಂಚದ ಅತ್ತರು ಮಾತ್ರ ಕಚೇರಿಗೆ ಬೇಡ: ಒಂದು ಹನಿಗೇ ಹಸಿ ಕೆಸರಿನ ಭಾರ ಬರುತ್ತದೆ.

ಮನೆಯಲ್ಲಿ ಗೆದ್ದದ್ದು ಕಚೇರಿಯಲ್ಲೂ ಗೆಲ್ಲಬೇಕಲ್ಲ. ಅಲ್ಲಿ 'ಚೆನ್ನಾಗಿದೆಯೇ?' ಎಂದು ಕೇಳಿದರೆ ಪ್ರಯೋಜನವಿಲ್ಲ. ಎದುರಿಗೆ ನಿಂತು ಕೇಳಿದರೆ ಯಾರು ತಾನೇ ಇಲ್ಲ ಎನ್ನುತ್ತಾರೆ? ನಮ್ಮ ವಿಭಾಗದಲ್ಲಿ ಮೈಗ್ರೇನ್ ಇರುವ ಹಿರಿಯ ಸಹೋದ್ಯೋಗಿ ಒಬ್ಬರಿದ್ದಾರೆ. ಅವರಿಗೆ ಮೊದಲೇ ವಿಷಯ ತಿಳಿಸಿ, "ಮೇಡಂ, ನಾನು ಎಷ್ಟು ಹತ್ತಿರ ಬಂದಾಗ ನಿಮಗೆ ವಾಸನೆ ಗೊತ್ತಾಯಿತು ಎಂದಷ್ಟೇ ಹೇಳಿ. ಸ್ವಲ್ಪ ಕಷ್ಟವಾದರೂ ನಿಲ್ಲಿಸುತ್ತೇನೆ" ಎಂದೆ. ಅಳತೆಯ ಪ್ರಶ್ನೆಗೆ ಸಂಕೋಚವಿಲ್ಲದ ಉತ್ತರ ಬರುತ್ತದೆ.

ಮೊದಲು ಕುತ್ತಿಗೆಗೆ ಎರಡು ಸಿಂಪಡಣೆ ಹಾಕಿಕೊಂಡು ಹೋದೆ. ಅವರು, "ನೀವು ಕುರ್ಚಿ ಎಳೆಯುವ ಮೊದಲೇ ಗೊತ್ತಾಯಿತು" ಎಂದರು. ಕುತ್ತಿಗೆ ಬಿಸಿ, ತೆರೆದ ಜಾಗ, ಮೇಲಾಗಿ ಎ.ಸಿ. ಗಾಳಿ ನೇರ ಬಡಿಯುವ ಎತ್ತರ. ಮುಂದಿನ ವಾರ ಸ್ನಾನ ಮಾಡಿ ಮೈ ಪೂರ್ತಿ ಒಣಗಿದ ಮೇಲೆ ಎದೆಗೆ ಒಂದೇ ಸಿಂಪಡಣೆ ಹಾಕಿ, ಅದು ಆರಿದ ಮೇಲೆ ಬನಿಯನ್, ಅಂಗಿ ತೊಟ್ಟೆ. ಮನೆ ಬಿಡಲು ಇನ್ನೂ ಅರ್ಧ ತಾಸು ಇರುವಾಗಲೇ ಇದನ್ನು ಮುಗಿಸುತ್ತಿದ್ದೆ. ಈ ಸಲ, "ಫೈಲ್ ತೋರಿಸಲು ಬಗ್ಗಿದಾಗ ಸ್ವಲ್ಪ" ಎಂದರು. ನನಗೆ ಬೇಕಾಗಿದ್ದದ್ದು ಅಷ್ಟೇ ದೂರ. ಅವರು ತಲೆನೋವಿನಿಂದ ಕುಳಿತಿರುವ ದಿನ ನಾನು ಅವರ ಮೇಜಿನ ಕಡೆ ಹೋಗುವುದಿಲ್ಲ, ಮಾರನೆಯ ದಿನ ಸೆಂಟು ಹಾಕುವುದೂ ಇಲ್ಲ. ಮೈಗ್ರೇನ್, ಉಬ್ಬಸ ಇರುವ ಎಷ್ಟೋ ಜನರಿಗೆ ಯಾವ ಹಗುರ ಪರಿಮಳವೂ ಹಗುರವಲ್ಲ. ಅಂಥವರು ಬೇಡ ಎಂದರೆ ಅಲ್ಲಿ ಆಯ್ಕೆಯ ಮಾತೇ ಇಲ್ಲ.

ಹೂವಿನ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಅನೇಕರಿಗೆ ರುಚಿಸುವುದಿಲ್ಲ. ಸುರಗಿ ಹೂವಿನ ಕಾಲದಲ್ಲಿ ದಂಡೆ ಮುಡಿದು ಬರುವವರಿಗೆ ನಮ್ಮಲ್ಲಿ ಯಾರೂ ಏನೂ ಅನ್ನುವುದಿಲ್ಲ, ಸೆಂಟಿಗೆ ಮಾತ್ರ ಹುಬ್ಬು ಗಂಟಿಕ್ಕುತ್ತಾರೆ. ಸುರಗಿ ಒಣಗಿದ ಮೇಲೂ ಪರಿಮಳ ಬಿಡುವ ಹೂ. ಮುಚ್ಚಿದ ಕೋಣೆಯಲ್ಲಿ ಅದು, ಕೇದಿಗೆ, ಮಲ್ಲಿಗೆ ಎಲ್ಲವೂ ಸೆಂಟಿನಷ್ಟೇ ಜೋರು. ತೆರೆದ ಜಗಲಿಯಲ್ಲಿ ಕುಳಿತಾಗ ಅವಕ್ಕೆ ಸಮವಿಲ್ಲ, ಆದರೆ ಮಲ್ಲಿಗೆ ಅತ್ತರು ಹಚ್ಚಿ ಎ.ಸಿ. ಕೋಣೆಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಮಳೆಗಾಲದ ಲೆಕ್ಕ ಬೇರೆ. ಜೂನ್‌ನಿಂದ ಬಟ್ಟೆ ಒಣಗದೆ ಬರುವ ಮುಗ್ಗಲು ವಾಸನೆಯ ಮೇಲೆ ಯಾವ ಸೆಂಟು ಹಾಕಿದರೂ ಎರಡೂ ಸೇರಿ ಮೂರನೆಯದೊಂದು ಹುಟ್ಟುತ್ತದೆ. ಆ ಮುಗ್ಗಲು ಹಸಿ ಬಟ್ಟೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ್ದು. ಇಸ್ತ್ರಿ ಹಾಕಿದಾಗ ಹೋದಂತೆ ಕಂಡರೂ ಅಂಗಿ ಬೆವರಿಗೆ ನೆನೆದ ಕೂಡಲೇ ಮರಳಬಹುದು. ಬಣ್ಣ ಕೆಡದ ಹತ್ತಿ ಅಂಗಿಗಳನ್ನು ಬಿಸಿ ನೀರಿನಲ್ಲಿ ಒಗೆದು, ಫ್ಯಾನ್ ಕೆಳಗೆ ದೂರ ದೂರ ಹರಡಿ ಬೇಗ ಒಣಗಿಸುತ್ತೇನೆ. ಅಂಗಿ ಒಣಗಿದ್ದರೆ ಲಾವಂಚ. ತೋಳಿನ ಸಂದಿಯಲ್ಲಿ ಸ್ವಲ್ಪವೂ ಮುಗ್ಗಲು ಕಂಡರೆ ಅಂಗಿ ಬದಲಾಯಿಸುತ್ತೇನೆ, ಆ ದಿನ ಸೀಸೆಯನ್ನು ಕಪಾಟಿನಿಂದ ತೆಗೆಯುವುದೇ ಇಲ್ಲ.